ಕೊಯ್ಲಿನ ತೂಕದ ಆ್ಯಪ್: ದೊಡ್ಡ ಸ್ಟೋರಿಯನ್ನು ಉದ್ದಕ್ಕೆ ಸೀಳುವುದು ಹೇಗೆ

ಕೊಡಗಿನ ಸಿದ್ದಾಪುರದ ಕಡೆಯ ಒಂದು ರೋಬಸ್ಟಾ ಕಾಫಿ ತೋಟ. ಜನವರಿಯಲ್ಲಿ ಸಂಜೆ ಐದರ ಹೊತ್ತಿಗೆ ಕಣದ ಅಂಚಿಗೆ ತೂಕದ ಮಿಷನ್ ಬರುತ್ತದೆ. ಕೊಯ್ಲಿನವರು ಹಣ್ಣು ತುಂಬಿದ ಚೀಲ ಹೊತ್ತು ಸಾಲು ನಿಲ್ಲುತ್ತಾರೆ, ಮೇಸ್ತ್ರಿ ನಂಬರ್ ಕೂಗುತ್ತಾನೆ, ರೈಟರ್ ಪುಸ್ತಕದಲ್ಲಿ ತೂಕ ಬರೆಯುತ್ತಾರೆ. ಶನಿವಾರ ಅದೇ ಪುಸ್ತಕ ನೋಡಿ ಲೆಕ್ಕ ಕೂಡಿಸಿ ಬಟವಾಡೆ ಮಾಡಬೇಕು. ಶುಕ್ರವಾರ ರಾತ್ರಿ ರೈಟರ್ ಮನೆಯ ದೀಪ ಹನ್ನೊಂದಾದರೂ ಆರುವುದಿಲ್ಲ.

ಈ ಕೆಲಸಕ್ಕೆ ಆ್ಯಪ್ ಮಾಡಿಕೊಡಿ ಎಂದು ತೋಟದವರು ಕುಶಾಲನಗರದಲ್ಲಿರುವ ನಮ್ಮ ನಾಲ್ಕು ಜನರ ತಂಡವನ್ನು ಕೇಳಿದರು. ನಮ್ಮ ಕೆಲಸದ ಬೋರ್ಡಿನ ಮೇಲೆ ಬಂದ ಸ್ಟೋರಿ, ಅಂದರೆ ಬಳಸುವವರ ಮಾತಿನಲ್ಲೇ ಬರೆದ ಬೇಡಿಕೆ, ಇಷ್ಟೇ: "ರೈಟರ್ ಆಗಿ ನಾನು ದಿನದ ಕೊಯ್ಲಿನ ತೂಕವನ್ನು ಫೋನಿನಲ್ಲಿ ಬರೆದು, ಶನಿವಾರ ಬಟವಾಡೆ ಪಟ್ಟಿ ಪಡೆಯಬೇಕು." ಓದಲು ಒಂದು ಸಾಲು, ಒಳಗೆ ಒಂದೂವರೆ ತಿಂಗಳ ಕೆಲಸ. ಅದನ್ನು ನಾವು ಎರಡು ಸಲ ಒಡೆದೆವು. ಮೊದಲ ಸಲ ತಪ್ಪಾಗಿ ಒಡೆದೆವು. ಎರಡನೆಯ ಸಲ ಹೇಗೆ ಒಡೆದೆವು ಎಂಬುದನ್ನು ನೀವೂ ಮಾಡಿ ನೋಡಬಹುದಾದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಅಡ್ಡಕ್ಕೆ ಕೊಯ್ದರೆ ಏನಾಗುತ್ತದೆ

ಮೊದಲ ಸಲ ನಾವು ಮಾಡಿದ್ದು ಬಹಳಷ್ಟು ತಂಡಗಳು ಮಾಡುವುದನ್ನೇ. ಫ್ರಂಟ್‌ಎಂಡ್ ಬರೆಯುವ ಇಬ್ಬರಿಗೆ ಐದು ಸ್ಕ್ರೀನ್, ಬ್ಯಾಕ್‌ಎಂಡ್ ಬರೆಯುವವನಿಗೆ ಟೇಬಲ್‌ಗಳು ಮತ್ತು ಎಪಿಐ, ಕೊನೆಯ ವಾರ ಎರಡನ್ನೂ ಜೋಡಿಸುವುದು. ಮೂರು ವಾರ ಬೋರ್ಡಿನಲ್ಲಿ ಕಾರ್ಡುಗಳು ಚೆನ್ನಾಗಿಯೇ ಬಲಕ್ಕೆ ಸರಿದವು. ಸ್ಕ್ರೀನ್ ಬರೆದವರು ಸುಳ್ಳು ಡೇಟಾ ಇಟ್ಟು ತೋರಿಸಿದರು, ಎಪಿಐ ಬರೆದವನು ಟೆಸ್ಟ್ ಪಾಸಾದದ್ದನ್ನು ತೋರಿಸಿದ. ಇಬ್ಬರದ್ದೂ "ಮುಗಿದಿದೆ".

ಜೋಡಿಸಿದ ದಿನ ಎರಡು ಪೆಟ್ಟು ಬಿತ್ತು. ಕೆಲವರು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ತೂಗಿಸುತ್ತಾರೆ. ಡೇಟಾಬೇಸ್ ಮಾತ್ರ ಒಬ್ಬರಿಗೆ ದಿನಕ್ಕೆ ಒಂದೇ ಸಾಲು ಎಂದು ನಂಬಿ ಕೂತಿತ್ತು, ಸಂಜೆಯ ತೂಕವನ್ನು ತಳ್ಳಿಹಾಕಿತು. ಸ್ಕ್ರೀನ್ ಬರೆದವರಿಗೆ ಎರಡು ತೂಕದ ವಿಷಯ ಗೊತ್ತಿತ್ತು. ಅವರು ತೋಟಕ್ಕೆ ಹೋಗಿ ಬಂದಿದ್ದರು, ಬ್ಯಾಕ್‌ಎಂಡಿನವನು ಹೋಗಿರಲಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು, ಏಕೆಂದರೆ ಅದು ಎರರ್ ಕೊಡಲಿಲ್ಲ. ವಾರದ ಪಟ್ಟಿಯಲ್ಲಿ ಎಲ್ಲರ ಸೋಮವಾರವೂ ಮಾಯ. ಸ್ಕ್ರೀನಿನಲ್ಲಿ ಆರಿಸಿದ ತಾರೀಖು ನಮ್ಮ ಸಮಯದ ನಡುರಾತ್ರಿಯಾಗಿ ಹೊರಟು, ಐದೂವರೆ ಗಂಟೆ ಹಿಂದಿರುವ ಯುಟಿಸಿಗೆ ಬದಲಾಗಿ ಹೋಗುತ್ತಿತ್ತು:

```js
new Date(2024, 0, 15).toISOString()
// "2024-01-14T18:30:00.000Z"
```

ಬ್ಯಾಕ್‌ಎಂಡ್ ಅದರ ಮೊದಲ ಹತ್ತು ಅಕ್ಷರ ತೆಗೆದುಕೊಂಡು ಭಾನುವಾರ ಎಂದು ಬರೆದಿಟ್ಟಿತು. ಪ್ರತಿ ದಿನದ ತೂಕವೂ ಒಂದು ದಿನ ಹಿಂದೆ ಸರಿದು, ಸೋಮವಾರದ್ದು ಹಿಂದಿನ ವಾರಕ್ಕೆ ಜಾರಿಹೋಯಿತು. ಎರಡೂ ಕಡೆಯ ಕೋಡ್ ತನ್ನ ಮಟ್ಟಿಗೆ ಸರಿಯಾಗಿತ್ತು. ತಪ್ಪು ಇದ್ದದ್ದು ಅವು ಸೇರುವ ಜಾಗದಲ್ಲಿ. ಆ ಜಾಗವನ್ನು ನಾವು ಮುಟ್ಟಿದ್ದು ನಾಲ್ಕನೇ ವಾರದಲ್ಲಿ. ಅಷ್ಟರಲ್ಲಿ ಕೊಯ್ಲು ಅರ್ಧ ಮುಗಿದು, ಆ ವರ್ಷ ಬಟವಾಡೆ ಪುಸ್ತಕದಲ್ಲೇ ನಡೆಯಿತು.

ಮರದ ದಿಮ್ಮಿಯನ್ನು ಗರಗಸದಿಂದ ಅಡ್ಡ ಕೊಯ್ದರೆ ಬುಡದ ತುಂಡೇ ಬೇರೆ, ತುದಿಯ ತುಂಡೇ ಬೇರೆ. ಉದ್ದಕ್ಕೆ ಸೀಳಿದರೆ ಪ್ರತಿ ಸೀಳಿನಲ್ಲೂ ಬುಡ ಇರುತ್ತದೆ, ತುದಿಯೂ ಇರುತ್ತದೆ. ಸ್ಟೋರಿಯಲ್ಲಿ ತುದಿ ಎಂದರೆ ರೈಟರ್ ಬೆರಳಿಡುವ ಸ್ಕ್ರೀನ್, ಬುಡ ಎಂದರೆ ಡೇಟಾಬೇಸ್. ನಮ್ಮ ತಂಡದಲ್ಲಿ ಈಗ ಈ ಕೆಲಸಕ್ಕೆ "ಸೀಳು" ಎಂಬ ಹೆಸರೇ ನಿಂತಿದೆ, ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಹೆಜ್ಜೆ 1: ಪುಸ್ತಕದ ಒಂದು ಸಾಲು ಹಿಡಿಯಿರಿ

ಸ್ಟೋರಿಯನ್ನು ಮುಂದಿಟ್ಟುಕೊಂಡು ಸೀಳಲು ಕೂತರೆ ಕಣ್ಣಿಗೆ ಬೀಳುವುದು ಸ್ಕ್ರೀನ್ ಮತ್ತು ಟೇಬಲ್‌ಗಳೇ. ಅದಕ್ಕೆ ಎರಡನೆಯ ಸಲ ನಾವು ನಾಲ್ಕೂ ಜನ ತೋಟಕ್ಕೆ ಹೋಗಿ, ರೈಟರ್ ಪುಸ್ತಕದ ಒಂದು ಪುಟದ ಫೋಟೋ ತೆಗೆದುಕೊಂಡು ಬಂದು ಗೋಡೆಗೆ ಅಂಟಿಸಿದೆವು. ಆ ಪುಟದಿಂದ ಒಂದೇ ಸಾಲನ್ನು ಆರಿಸಿದೆವು. ಚೆಕ್‌ರೋಲ್ ಎಂಬ ಕೆಲಸಗಾರರ ಪಟ್ಟಿಯಲ್ಲಿ 17ನೇ ನಂಬರ್, ಸೋಮವಾರ ಮಧ್ಯಾಹ್ನ 31.4 ಕೆಜಿ, ಸಂಜೆ 28.6 ಕೆಜಿ, ಒಟ್ಟು 60.

ಈ ಸಾಲು ಫೋನಿನಲ್ಲಿ ಹುಟ್ಟಿ, ಸರ್ವರಿಗೆ ಹೋಗಿ, ಡೇಟಾಬೇಸಿನಲ್ಲಿ ಕೂತು, ಮತ್ತೆ ರೈಟರ್ ಕಣ್ಣೆದುರು "60.0" ಎಂದು ಬಂದು ನಿಲ್ಲಬೇಕು. ಮೊದಲ ಸೀಳು ಮುಗಿಯಿತೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಎರಡು ತೂಕ ಇರುವ ಸಾಲನ್ನೇ ಬೇಕೆಂದು ಆರಿಸಿದ್ದೆವು. ಹಿಂದಿನ ವರ್ಷ ಪೆಟ್ಟು ತಿಂದ ಜಾಗ ಅದೇ ತಾನೆ. ಸೋಮವಾರವನ್ನು ಆರಿಸಿದ್ದೂ ಅದಕ್ಕೇ.

ನಿಮ್ಮ ಕೆಲಸ ಕಾಫಿಯದ್ದಾಗಿರಬೇಕಿಲ್ಲ. ಈಗ ಆ ಕೆಲಸ ಎಲ್ಲಿ ನಡೆಯುತ್ತಿದೆಯೋ, ಪುಸ್ತಕವೋ ಎಕ್ಸೆಲ್ ಹಾಳೆಯೋ ವಾಟ್ಸ್‌ಆ್ಯಪ್ ಸಂದೇಶವೋ, ಅಲ್ಲಿಂದ ನಿಜವಾದ ಒಂದು ದಾಖಲೆ ತನ್ನಿ. ಕಲ್ಪಿಸಿಕೊಂಡ ಉದಾಹರಣೆಯಲ್ಲಿ ಎಲ್ಲರೂ ದಿನಕ್ಕೆ ಒಂದೇ ಸಲ ತೂಗಿಸುತ್ತಾರೆ.

ಹೆಜ್ಜೆ 2: ಪದರ ಬಿಡಬೇಡಿ, ನಿಯಮ ಬಿಡಿ

ಸೀಳು ತೆಳ್ಳಗಾಗಬೇಕಾದರೆ ಏನನ್ನೋ ಕೈಬಿಡಲೇಬೇಕು. ಅಡ್ಡ ಕೊಯ್ಯುವವರು ಒಂದು ಪದರವನ್ನೇ ಕೈಬಿಡುತ್ತಾರೆ, "ಈಗ ಸ್ಕ್ರೀನ್ ಮಾತ್ರ, ಡೇಟಾಬೇಸ್ ಆಮೇಲೆ" ಎಂದು. ಉದ್ದಕ್ಕೆ ಸೀಳುವಾಗ ಪದರಗಳೆಲ್ಲ ಉಳಿಯಬೇಕು. ಕೈಬಿಡುವುದು ವ್ಯವಹಾರದ ನಿಯಮಗಳನ್ನು, ಅಪರೂಪದ ಸಂದರ್ಭಗಳನ್ನು, ಅನುಕೂಲಗಳನ್ನು.

ಗೋಡೆಯ ಪುಟದ ಪಕ್ಕದಲ್ಲಿ ದೊಡ್ಡ ಸ್ಟೋರಿಯೊಳಗೆ ಏನೇನಿದೆ ಎಂದು ಚೀಟಿಗಳಲ್ಲಿ ಬರೆದೆವು. ರೋಬಸ್ಟಾಗೆ ಒಂದು ರೇಟು, ಅರೇಬಿಕಾಗೆ ಇನ್ನೊಂದು. ಕೊಯ್ಲು ಬಿಟ್ಟು ಬೇರೆ ಕೆಲಸಕ್ಕೆ ಹೋದ ದಿನ ಕೆಜಿ ಲೆಕ್ಕವಿಲ್ಲ, ಹಾಜರಿ ಕೂಲಿ. ವಾರದ ನಡುವೆ ಕೊಟ್ಟ ಅಡ್ವಾನ್ಸ್ ಕಡಿತ. ತಪ್ಪು ಬರೆದರೆ ತಿದ್ದುವುದು. ಹೊಸಬರು ಬಂದರೆ ಸೇರಿಸುವುದು. ಸಿಗ್ನಲ್ ಇಲ್ಲದ ಕಣದಲ್ಲೂ ಬರೆಯಲು ಆಗುವುದು. ಲಾಗಿನ್. ಮಾಲೀಕರಿಗೆ ವರದಿ. ತೂಕದ ಮಿಷನ್ನಿನಿಂದ ಬ್ಲೂಟೂತ್‌ನಲ್ಲಿ ನೇರ ತೂಕ ಬರುವುದು.

ಆಮೇಲೆ ಪ್ರತಿ ಚೀಟಿಗೂ ಒಂದೇ ಪ್ರಶ್ನೆ: ಇದಿಲ್ಲದಿದ್ದರೆ ನಮ್ಮ 17ನೇ ನಂಬರಿನ ಸಾಲು ಹುಟ್ಟಿ ಮರಳಿ ಬರಲು ಸಾಧ್ಯವೇ? ರೇಟು ಇಲ್ಲದೆ ಬರಬಹುದು. ಅಡ್ವಾನ್ಸ್ ಇಲ್ಲದೆ ಬರಬಹುದು. ಹೊಸಬರನ್ನು ಸೇರಿಸುವ ಸ್ಕ್ರೀನೂ ಬೇಡ, ನಲವತ್ತು ನಂಬರುಗಳನ್ನು ನಾವೇ ಡೇಟಾಬೇಸಿಗೆ ಹಾಕಿದರೆ ಆಯಿತು. ಕಣದಲ್ಲಿ ಸಿಗ್ನಲ್ ಇಲ್ಲದ ತೊಂದರೆಯನ್ನೂ ಸದ್ಯಕ್ಕೆ ದಾಟಬಹುದು. ತೋಟದ ಆಫೀಸಿನಲ್ಲಿ ವೈಫೈ ಇದೆ, ರೈಟರ್ ಪುಸ್ತಕದಲ್ಲಿ ಎಂದಿನಂತೆ ಬರೆದುಕೊಂಡು ಆಫೀಸಿಗೆ ಬಂದು ಫೋನಿಗೆ ಹಾಕಲಿ. ಸ್ವಲ್ಪ ದಿನ ಎರಡು ಸಲ ಬರೆಯುವ ಕೆಲಸ, ನಿಜ. ಅದನ್ನು ಅವರಿಗೆ ಮೊದಲೇ ಹೇಳಿ ಒಪ್ಪಿಸಬೇಕು, ಇಲ್ಲವಾದರೆ ಎರಡನೇ ದಿನಕ್ಕೇ ಫೋನ್ ಡ್ರಾಯರ್ ಸೇರುತ್ತದೆ.

ಲಾಗಿನ್ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಅದು ಬೇಡ ಎಂದರೆ ಬಾಗಿಲು ತೆರೆದಿಡಿ ಎಂದಲ್ಲ, ಇದು ಜನರ ಕೂಲಿಯ ವಿವರ. ನಾವು ಆ ಒಂದು ಫೋನಿಗೆ ಒಂದು ಉದ್ದನೆಯ ಟೋಕನ್ ಕೊಟ್ಟೆವು, ಸರ್ವರ್ ಅದನ್ನು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ. ಪಾಸ್‌ವರ್ಡ್ ಮರೆತರೆ ಏನು, ಇಬ್ಬರು ರೈಟರ್ ಇದ್ದರೆ ಏನು ಎಂಬ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿದೆವು.

ಹೆಜ್ಜೆ 3: ಮೊದಲ ಸೀಳನ್ನು ಬುಡದವರೆಗೆ ಇಳಿಸಿ

ಉಳಿದದ್ದು ಇಷ್ಟು: ನಂಬರ್ ಆರಿಸಿ ಕೆಜಿ ಬರೆದು ಉಳಿಸುವ ಒಂದು ಜಾಗ, ಅದರ ಕೆಳಗೆ ಇಂದಿನ ತೂಕಗಳ ಪಟ್ಟಿ, ಪ್ರತಿ ನಂಬರಿಗೂ ದಿನದ ಒಟ್ಟು. ಕೋಡ್ ಮುಟ್ಟುವ ಮೊದಲು ಸ್ಕ್ರೀನ್ ಬರೆಯುವವಳು ಮತ್ತು ಎಪಿಐ ಬರೆಯುವವನು ಒಂದೇ ಮೇಜಿಗೆ ಕೂತು, ನಡುವೆ ಓಡಾಡುವ ದಾಖಲೆಯನ್ನು ನಿಜವಾದ ಸಾಲಿನಿಂದಲೇ ಬರೆದರು:

```json
{
  "id": "7f0c2b1e-5d1a-4c37-9a52-3e1f8b60d411",
  "worker": 17,
  "day": "2025-01-13",
  "grams": 31400
}
```

ಈ ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು, ಮತ್ತು ಹಿಂದಿನ ವರ್ಷದ ಎರಡೂ ಪೆಟ್ಟು ಇಲ್ಲಿಯೇ ಮಾತಿಗೆ ಬಂದವು. `day` ಎಂಬುದು ಬರೀ ತಾರೀಖು, ಅದಕ್ಕೆ ಗಂಟೆಯೂ ಇಲ್ಲ, ಟೈಮ್‌ಝೋನೂ ಇಲ್ಲ. ಹಾಗಾಗಿ ಜಾರಿಹೋಗುವ ಪ್ರಶ್ನೆಯೇ ಏಳುವುದಿಲ್ಲ. ತೂಕವನ್ನು ಗ್ರಾಮಿನಲ್ಲಿ ಪೂರ್ಣಾಂಕವಾಗಿ ಇಟ್ಟದ್ದು ದಶಮಾಂಶ ಕೂಡಿಸುವಾಗ ಬರುವ ಚಿಲ್ಲರೆ ತಪ್ಪುಗಳಿಂದ ತಪ್ಪಿಸಿಕೊಳ್ಳಲು. ನಂಬರ್ ಮತ್ತು ದಿನ ಸೇರಿ ಒಂದೇ ಸಲ ಬರಬೇಕೆಂಬ ಕಟ್ಟುಪಾಡನ್ನು ಕಿತ್ತುಹಾಕಿದೆವು. ಪ್ರತಿ ತೂಕಕ್ಕೂ ತನ್ನದೇ `id`.

ಆ `id` ಫೋನಿನಲ್ಲೇ ಹುಟ್ಟುತ್ತದೆ, ಸರ್ವರಿನಲ್ಲಲ್ಲ. ಇದಕ್ಕೊಂದು ಕಾರಣವಿದೆ. ಸಿಗ್ನಲ್ ಇಲ್ಲದೆ ಬರೆಯುವ ಸೀಳು ಮುಂದೆ ಬಂದೇ ಬರುತ್ತದೆ ಎಂದು ನಮಗೆ ಗೊತ್ತಿತ್ತು. ಆಗ ಫೋನ್ ಒಂದೇ ತೂಕವನ್ನು ಎರಡು ಸಲ ಕಳಿಸಬಹುದು: ಮೊದಲ ಸಲ ಹೋಗಿ ಮುಟ್ಟಿರುತ್ತದೆ, ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. `id` ಫೋನಿನದ್ದಾದರೆ ಸರ್ವರ್ ಎರಡನೆಯದನ್ನು ಗುರುತಿಸಿ ಸುಮ್ಮನಿರಬಹುದು:

```sql
INSERT INTO weighing (id, worker, day, grams)
VALUES ($1, $2, $3, $4)
ON CONFLICT (id) DO NOTHING;
```

ಮುಂದಕ್ಕೆ ಹಾಕಿದ ಚೀಟಿಗಳನ್ನು ಪೂರ್ತಿ ಮರೆತುಬಿಡಬೇಕಿಲ್ಲ. ಆಮೇಲೆ ಬದಲಾಯಿಸಲು ತುಂಬಾ ಖರ್ಚಾಗುವ, ಈಗ ಮಾಡಲು ಏನೂ ಖರ್ಚಿಲ್ಲದ ಒಂದೆರಡು ನಿರ್ಧಾರಗಳಿರುತ್ತವೆ. ಅವನ್ನು ಮೊದಲ ಸೀಳಿನಲ್ಲೇ ಸರಿಯಾಗಿ ತೆಗೆದುಕೊಳ್ಳಿ. ನಮಗೆ ಅಂಥವು ಎರಡೇ ಸಿಕ್ಕವು, ಈ `id` ಮತ್ತು ಗ್ರಾಮ್. ನಿಮ್ಮ ಪಟ್ಟಿ ಹತ್ತಕ್ಕೆ ಏರಿದರೆ ಮತ್ತೆ ಎಲ್ಲವನ್ನೂ ಮೊದಲೇ ಕಟ್ಟಲು ಹೊರಟಿದ್ದೀರಿ ಎಂದು ತಿಳಿಯಿರಿ.

ಇಬ್ಬರು ಕೂತು ಎರಡು ದಿನದಲ್ಲಿ ಇದನ್ನು ಮುಗಿಸಿದರು. ಮುಗಿಸಿದರು ಎಂದರೆ ಕುಶಾಲನಗರದ ಲ್ಯಾಪ್‌ಟಾಪಿನಲ್ಲಿ ಓಡಿದ್ದಲ್ಲ. ರೈಟರ್ ಕೈಯಲ್ಲಿರುವ ಫೋನಿನಲ್ಲಿ, ನಿಜವಾದ ಸರ್ವರಿಗೆ, 17ನೇ ನಂಬರಿನ ಎದುರು 60.0 ಬಂದಾಗ ಕಾರ್ಡ್ ಬಲಕ್ಕೆ ಸರಿಯಿತು. ಮೊದಲ ಸೀಳಿಗೆ ಸರ್ವರ್ ಏರಿಸುವುದು, ಫೋನಿಗೆ ಆ್ಯಪ್ ಹಾಕುವುದು ಎಲ್ಲ ಸೇರುತ್ತದೆ. ಅದಕ್ಕೇ ಮೊದಲನೆಯದು ನೋಡಲು ಅತ್ಯಂತ ಬಡವಾಗಿರಬೇಕು. ಕೊಳವೆ ಹಾಕುವ ಕೆಲಸವೇ ಅಷ್ಟಿರುತ್ತದೆ.

ಹೆಜ್ಜೆ 4: ಮುಂದಿನ ಸೀಳು ಯಾವುದೆಂದು ತೋಟ ಹೇಳಲಿ

ಎರಡನೇ ಸೀಳು ನಮಗೆ ಸ್ಪಷ್ಟವಾಗಿತ್ತು, ವಾರದ ಪಟ್ಟಿ. ಎಲ್ಲರಿಗೂ ಒಂದೇ ರೇಟು, ಅದೂ ಕೋಡಿನಲ್ಲೇ ಬರೆದದ್ದು. ಲೆಕ್ಕಕ್ಕೆ ಕೆಜಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. 17ನೇ ನಂಬರಿನ ವಾರ ಹೀಗಿತ್ತು: ಸೋಮವಾರ 60, ಮಂಗಳವಾರ 54.5, ಬುಧವಾರ ರಜೆ, ಗುರುವಾರ 71, ಶುಕ್ರವಾರ 66.5, ಶನಿವಾರ 48. ಒಟ್ಟು 300 ಕೆಜಿ, 1,500 ರೂಪಾಯಿ. ಪುಸ್ತಕದಲ್ಲೂ ಅಷ್ಟೇ ಬಂದರೆ ಸೀಳು ಮುಗಿದಂತೆ. ಆ ವಾರ ಅವರಿಗೆ 400 ರೂಪಾಯಿ ಅಡ್ವಾನ್ಸ್ ಹೋಗಿತ್ತು. ರೈಟರ್ ಅದನ್ನು ಪಟ್ಟಿಯ ಪಕ್ಕದಲ್ಲಿ ಪೆನ್ನಿನಲ್ಲಿ ಕಳೆದು 1,100 ಕೊಟ್ಟರು. ಆ್ಯಪ್ ಅರ್ಧ ಮಾಡಿತು, ಪೆನ್ನು ಅರ್ಧ ಮಾಡಿತು. ಆದರೂ ಆ ಶುಕ್ರವಾರ ಅವರು ಕೂಡಿಸುವ ಲೆಕ್ಕ ಮಾಡಲಿಲ್ಲ.

ಮೂರನೆಯದು ಅಡ್ವಾನ್ಸ್ ಎಂದು ನಾವು ಬರೆದಿಟ್ಟಿದ್ದೆವು. ಆದರೆ ಮೊದಲ ಸೀಳಿನಲ್ಲಿ ತಿದ್ದುವ ದಾರಿಯನ್ನೇ ಇಟ್ಟಿರಲಿಲ್ಲ. ತಪ್ಪಾದರೆ ಫೋನ್ ಮಾಡಿ, ನಾವು ಡೇಟಾಬೇಸಿನಲ್ಲಿ ಸರಿಮಾಡುತ್ತೇವೆ ಎಂದು ಹೇಳಿದ್ದೆವು. ಒಂದು ವಾರದಲ್ಲಿ ಏಳು ಸಲ ಫೋನ್ ಬಂತು. ಅಡ್ವಾನ್ಸ್ ವಿಷಯಕ್ಕೆ ಒಂದೂ ಬರಲಿಲ್ಲ. ಹಾಗಾಗಿ ತಿದ್ದುಪಡಿ ಮೇಲೆ ಬಂತು, ಅಡ್ವಾನ್ಸ್ ಕೆಳಗೆ ಹೋಯಿತು. ಸೀಳು ಸರಿಯಾಗಿದೆಯೇ ಎಂದು ತಿಳಿಯಲು ಇದೂ ಒಂದು ಗುರುತು: ಸರದಿ ಬದಲಾಯಿಸಿದಾಗ ಬೇರೆ ಯಾವುದೂ ಮುರಿಯಬಾರದು. ಅಡ್ಡ ಕೊಯ್ದ ತುಂಡುಗಳಿಗೆ ಈ ಸ್ವಾತಂತ್ರ್ಯವಿಲ್ಲ, ಎಪಿಐ ಬರದೆ ಸ್ಕ್ರೀನಿಗೆ ಜೀವ ಬರುವುದಿಲ್ಲ.

ತಿದ್ದುಪಡಿಯನ್ನೂ ತೆಳ್ಳಗೇ ಮಾಡಿದೆವು. ಪುಸ್ತಕದಲ್ಲಿ ರೈಟರ್ ತಪ್ಪನ್ನು ಅಳಿಸುವುದಿಲ್ಲ, ಗೆರೆ ಎಳೆದು ಹೊಸ ಸಾಲು ಬರೆಯುತ್ತಾರೆ. ಆ್ಯಪಿನಲ್ಲೂ ಅಷ್ಟೇ. ಒಂದು ತೂಕವನ್ನು ಹೊಡೆದುಹಾಕಬಹುದು, ಅದು ಗೆರೆ ಎಳೆದಂತೆ ಕಾಣುತ್ತಲೇ ಇರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ತೂಕವನ್ನು ಬದಲಿಸುವ ಫಾರ್ಮ್ ಇಲ್ಲವೇ ಇಲ್ಲ. ಟೇಬಲಿಗೆ ಒಂದು ಕಾಲಮ್ ಸೇರಿತು, ಸ್ಕ್ರೀನಿಗೆ ಒಂದು ಬಟನ್, ಒಟ್ಟು ಹಾಕುವ ಕ್ವೆರಿಗೆ ಒಂದು ಷರತ್ತು. ಒಂದೂವರೆ ದಿನ.

ಕಣದಲ್ಲೇ ಬರೆಯುವ ಸೀಳಿಗೆ ಹೋಗುವ ಮೊದಲು ಒಂದು ಸಂಜೆ ನಮ್ಮವಳು ರೈಟರ್ ಪಕ್ಕ ನಿಂತು ನೋಡುತ್ತಿದ್ದಳು. ಮಿಷನ್ ತೋರಿಸಿದ್ದು 31.9, ಅವರು ಬರೆದದ್ದು 31.4.

"ಸಾರ್, ಅರ್ಧ ಕೆಜಿ ಎಲ್ಲಿ ಹೋಯ್ತು?"

"ಎರಡು ಚೀಲ ಅಲ್ವಾಮ್ಮ, ಚೀಲಕ್ಕೆ ಕಾಲು ಕೆಜಿ. ಅದನ್ನ ಕಳೆದೇ ಬರೆಯೋದು. ಇಷ್ಟು ವರ್ಷದಿಂದ ಹಂಗೇ."

ಅದನ್ನು ಯಾವ ಮಾತುಕತೆಯಲ್ಲೂ ಅವರು ನಮಗೆ ಹೇಳಿರಲಿಲ್ಲ. ಅವರಿಗೆ ಅದೊಂದು ನಿಯಮವೆಂದೇ ಅನ್ನಿಸಿರಲಿಲ್ಲ. ಆಫೀಸಿನಲ್ಲಿ ಕೂತು ಪುಸ್ತಕದಿಂದ ಬರೆಯುವವರೆಗೆ ಇದರಿಂದ ತೊಂದರೆ ಇರಲಿಲ್ಲ, ಕಳೆದ ಲೆಕ್ಕವೇ ಫೋನಿಗೆ ಬರುತ್ತಿತ್ತು. ಆದರೆ ಕಣದಲ್ಲಿ, ಜನ ಸಾಲು ನಿಂತಿರುವಾಗ, ಮಿಷನ್ ನೋಡಿ ನೇರ ಫೋನಿಗೆ ಒತ್ತುವಾಗ ಕೆಲವೊಮ್ಮೆ ಕಳೆದು, ಕೆಲವೊಮ್ಮೆ ಕಳೆಯದೆ ಬರೆಯುವುದು ಖಂಡಿತ. ಹಾಗಾಗಿ "ಚೀಲ ಎಷ್ಟು" ಎಂಬ ಒಂದು ಸೀಳು ಹೊಸದಾಗಿ ಹುಟ್ಟಿ, ಕಣದ ಸೀಳಿಗಿಂತ ಮುಂದೆ ಹೋಗಿ ನಿಂತಿತು. ಚೀಟಿ ಬರೆದ ದಿನ ಇದು ಗೋಡೆಯ ಮೇಲೆ ಇರಲೇ ಇಲ್ಲ.

ಕಣದ ಸೀಳು ಬಂದಾಗ ಅದೇ ದೊಡ್ಡದಾಗಿ ಕಂಡಿತು. ಮತ್ತೆ ಸೀಳಿದೆವು. ಮೊದಲು ಒಂದೇ ಫೋನ್, ಬರೀ ಹೊಸ ತೂಕ ಸೇರಿಸುವುದು. ಫೋನಿನಲ್ಲಿ ಉಳಿದಿರುತ್ತದೆ, ಆಫೀಸಿನ ವೈಫೈ ಸಿಕ್ಕಾಗ ಹೋಗುತ್ತದೆ, ಹೋಗದೆ ಉಳಿದದ್ದರ ಎದುರು ಒಂದು ಗುರುತು. `id` ಮೊದಲೇ ಫೋನಿನದ್ದಾಗಿದ್ದರಿಂದ ಸರ್ವರಿನ ಕೋಡ್ ಮುಟ್ಟಬೇಕಾಗಲಿಲ್ಲ. ಒಂದೇ ತೂಕವನ್ನು ಎರಡು ಫೋನಿನಿಂದ ಇಬ್ಬರು ಹೊಡೆದುಹಾಕಿದರೆ ಏನು ಎಂಬ ಪ್ರಶ್ನೆ ಎರಡನೇ ರೈಟರ್ ಬರುವವರೆಗೆ ಕಾಯಬಹುದು.

ಹೆಜ್ಜೆ 5: ಬೋರ್ಡಿನಲ್ಲಿ ಎರಡು ಕಾರ್ಡ್ ಇಡಬೇಡಿ

ಎಷ್ಟೇ ಚೆನ್ನಾಗಿ ಸೀಳಿದರೂ ಬೋರ್ಡಿಗೆ ಬರುವಾಗ "ಅಡ್ವಾನ್ಸ್ – ಫ್ರಂಟ್‌ಎಂಡ್", "ಅಡ್ವಾನ್ಸ್ – ಬ್ಯಾಕ್‌ಎಂಡ್" ಎಂದು ಎರಡಾದರೆ ಮತ್ತೆ ಹಳೆಯ ಕತೆಯೇ. ಬ್ಯಾಕ್‌ಎಂಡಿನವನು ತನ್ನ ಕಾರ್ಡ್ ಮುಗಿಸಿ ಮುಂದಿನ ಸೀಳಿನ ಬ್ಯಾಕ್‌ಎಂಡಿಗೆ ಹೋಗುತ್ತಾನೆ. ಎರಡು ವಾರದಲ್ಲಿ ಅವನು ನಾಲ್ಕು ಸೀಳು ಮುಂದೆ, ಸ್ಕ್ರೀನಿನವರು ನಾಲ್ಕು ಸೀಳು ಹಿಂದೆ. ನಮ್ಮಲ್ಲಿ ಸೀಳಿಗೆ ಒಂದೇ ಕಾರ್ಡ್, ಅದರ ಮೇಲೆ ಇಬ್ಬರ ಹೆಸರು. ಒಳಗೆ ಯಾರು ಏನು ಮಾಡುತ್ತಾರೆ ಎಂಬ ಪಟ್ಟಿ ಕಾರ್ಡಿನ ಹಿಂಬದಿಯಲ್ಲಿ ಇರಬಹುದು, ಆದರೆ ಅದರ ಅರ್ಧ ಮುಗಿದರೆ ಕಾರ್ಡ್ ಕದಲುವುದಿಲ್ಲ.

ಒಬ್ಬರ ಪಾಲು ಬೇಗ ಮುಗಿದರೆ? ಮುಗಿಯುತ್ತದೆ, ಅದು ದಿನವೂ ಆಗುವ ಮಾತು. ಆಗ ಅವರು ಇನ್ನೊಬ್ಬರ ಪಕ್ಕ ಕೂರುತ್ತಾರೆ, ಟೆಸ್ಟ್ ಬರೆಯುತ್ತಾರೆ, ಇಲ್ಲವೇ ತೋಟಕ್ಕೆ ಫೋನ್ ಮಾಡಿ ಮುಂದಿನ ಸೀಳಿಗೆ ಪುಸ್ತಕದ ಸಾಲು ಕೇಳುತ್ತಾರೆ. ನಮ್ಮ ಬ್ಯಾಕ್‌ಎಂಡಿನವನು ಮೊದಲ ತಿಂಗಳು ಇದಕ್ಕೆ ಗೊಣಗಿದ್ದು ಸುಳ್ಳಲ್ಲ. "ನಾನ್ಯಾಕೆ ಬಟನ್ ಬಣ್ಣ ನೋಡ್ಬೇಕು" ಎಂದ. ಈಗ ಬಟನ್ ಅವನೇ ಹಾಕುತ್ತಾನೆ. ಬಣ್ಣ ಮಾತ್ರ ಇವತ್ತಿಗೂ ಕೆಟ್ಟದಾಗಿಯೇ ಇಡುತ್ತಾನೆ.

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದ ಮಾತೊಂದಿದೆ: ಒಂದು ಸಂಸ್ಥೆ ರೂಪಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಮಾತುಕತೆಯ ದಾರಿಗಳನ್ನೇ ಹೋಲುತ್ತದೆ. ಫ್ರಂಟ್‌ಎಂಡಿನವರು ಒಂದು ಕೋಣೆ, ಬ್ಯಾಕ್‌ಎಂಡಿನವರು ಇನ್ನೊಂದು ಕೋಣೆ ಆಗಿರುವ ಕಡೆ ಸ್ಟೋರಿಗಳು ತಾವಾಗಿಯೇ ಅಡ್ಡಕ್ಕೆ ಕೊಯ್ದುಕೊಳ್ಳುತ್ತವೆ. ಅಂಥ ಕಡೆ ಸೀಳುವ ಕೌಶಲ ಎಷ್ಟಿದ್ದರೂ ಸಾಲದು. ಒಂದು ಸೀಳಿನ ಮಟ್ಟಿಗಾದರೂ ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಬೇಕು.

ಸೀಳಿನಂತೆ ಕಾಣುವ ಸೀಳಲ್ಲದವು

"ಕೊಯ್ಲಿನವರನ್ನು ಸೇರಿಸುವುದು, ತಿದ್ದುವುದು, ತೆಗೆಯುವುದು" ಎಂದು ಶುರುಮಾಡುವ ತಂಡಗಳನ್ನು ಬಹಳ ನೋಡಿದ್ದೇನೆ. ಸ್ಕ್ರೀನಿನಿಂದ ಡೇಟಾಬೇಸಿನವರೆಗೆ ಇಳಿಯುತ್ತದೆ, ಆದ್ದರಿಂದ ಸೀಳಿನಂತೆಯೇ ಕಾಣುತ್ತದೆ. ಆದರೆ ಅದು ಮುಗಿದ ದಿನ ರೈಟರಿಗೆ ಸಿಗುವುದು ನಲವತ್ತು ಹೆಸರಿನ ಪಟ್ಟಿ, ಅದು ಅವರಿಗೆ ಬಾಯಿಪಾಠ. ಮೊದಲು ಲಾಗಿನ್ ಮಾಡುವುದೂ ಇದೇ ಜಾತಿ. ಗುರುತಿಸುವುದು ಸುಲಭ: ಈ ಸೀಳು ಮುಗಿದ ಮೇಲೆ ಕೆಲಸ ನಿಂತೇಹೋದರೂ ಆ ಮನುಷ್ಯ ಇದನ್ನು ನಾಳೆ ತೆರೆಯುತ್ತಾನೆಯೇ ಎಂದು ಕೇಳಿ. ತೆರೆಯುವುದಿಲ್ಲ ಎಂದಾದರೆ ಬೇರೆ ಕಡೆಯಿಂದ ಸೀಳಿ.

ತೀರಾ ತೆಳ್ಳಗೆ ಮಾಡುವ ಚಟವೂ ಇದೆ. ಒಂದು ಬಟನ್ನಿಗೆ ಒಂದು ಕಾರ್ಡ್ ಆದಾಗ ಕಾರ್ಡ್ ಬರೆಯುವ ಹೊತ್ತು ಕೆಲಸದ ಹೊತ್ತನ್ನು ಮೀರುತ್ತದೆ. ಇಬ್ಬರಿಗೆ ಒಂದರಿಂದ ಮೂರು ದಿನ ಎಂಬುದು ನಮಗೆ ಒಗ್ಗಿದ ಅಳತೆ. ಮೂರು ದಿನ ದಾಟಿದರೆ ಒಳಗೆ ಇನ್ನೊಂದು ನಿಯಮ ಅಡಗಿ ಕೂತಿದೆ ಎಂದು ಹುಡುಕುತ್ತೇವೆ, ಹೆಚ್ಚಾಗಿ ಸಿಗುತ್ತದೆ.

ಇದಕ್ಕೆ ಕೊಡುವ ಬೆಲೆ

ಸೀಳುವುದು ಪುಕ್ಕಟೆಯಲ್ಲ. ತೂಕ ಬರೆಯುವ ಅದೇ ಸ್ಕ್ರೀನನ್ನು ನಾವು ಐದು ಸಲ ಬಿಚ್ಚಿದೆವು, ಅದೇ ಟೇಬಲನ್ನು ನಾಲ್ಕು ಸಲ ಬದಲಾಯಿಸಿದೆವು. ಎಲ್ಲವೂ ಮೊದಲೇ ಗೊತ್ತಿದ್ದಿದ್ದರೆ ಒಂದೇ ಸಲ ಕಟ್ಟುವುದು ಅಗ್ಗವಾಗುತ್ತಿತ್ತು. ಚೀಲದ ಕಾಲು ಕೆಜಿ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಮರುಕೆಲಸ ಭರಿಸುವಂತಾಗಬೇಕಾದರೆ ಎರಡು ವಸ್ತು ಕೈಯಲ್ಲಿರಬೇಕು. ಒಂದು, ಹಿಂದಿನ ಸೀಳುಗಳನ್ನು ತಾನಾಗಿ ಪರೀಕ್ಷಿಸುವ ಟೆಸ್ಟ್‌ಗಳು. ಗೋಡೆಯ ಮೇಲಿನ ಪ್ರತಿ ಸಾಲೂ ನಮಗೊಂದು ಟೆಸ್ಟ್ ಆಯಿತು. ಚೀಲದ ನಿಯಮ ಸೇರಿಸಿದ ದಿನ 17ನೇ ನಂಬರಿನ 300 ಕೆಜಿ ಇನ್ನೂ 300 ಆಗಿಯೇ ಇದೆ ಎಂದು ಹೇಳಿದ್ದು ಅದೇ. ಇನ್ನೊಂದು, ಸಲೀಸಾಗಿ ಸರ್ವರಿಗೆ ಏರಿಸುವ ವ್ಯವಸ್ಥೆ. ಒಂದು ಸಲ ಏರಿಸಲು ಅರ್ಧ ದಿನ ಹೋಗುವುದಾದರೆ ಎರಡು ದಿನದ ಸೀಳು ಯಾರಿಗೂ ಬೇಡವಾಗುತ್ತದೆ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಬಳಕೆಯಲ್ಲಿರುವ ಟೇಬಲಿಗೆ ಕಾಲಮ್ ಸೇರಿಸುವಾಗ ಹಳೆಯ ಆ್ಯಪ್ ಕೂಡ ಅದರ ಜೊತೆ ಬದುಕಬೇಕು. ರೈಟರ್ ಫೋನಿನಲ್ಲಿ ಹಳೆಯ ಆವೃತ್ತಿ ಎರಡು ದಿನ ಉಳಿದಿರುತ್ತದೆ. ಚೀಲದ ಸಂಖ್ಯೆಯನ್ನು ನಾವು ಸೊನ್ನೆ ಎಂಬ ಡೀಫಾಲ್ಟ್ ಇಟ್ಟು ಸೇರಿಸಿದ್ದು ಅದಕ್ಕೇ. ಹಳೆಯ ಆ್ಯಪಿನಿಂದ ಬರುವ ತೂಕ ಚೀಲ ಕಳೆದದ್ದೇ ಆಗಿರುತ್ತಿತ್ತು, ಸೊನ್ನೆ ಅದಕ್ಕೆ ಸರಿಯಾದ ಸಂಖ್ಯೆ.

ಸೀಳಲು ಬಾರದ ಕೆಲಸವೂ ಇದೆ. ತೂಕದ ಮಿಷನ್ನಿನಿಂದ ಬ್ಲೂಟೂತ್‌ನಲ್ಲಿ ತೂಕ ಓದಲು ಆಗುತ್ತದೋ ಇಲ್ಲವೋ ಎಂಬುದೇ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಸೀಳಿ ಪ್ರಯೋಜನವಿಲ್ಲ, ಅದಕ್ಕೆ ಒಬ್ಬನಿಗೆ ಒಂದು ದಿನ ಕೊಟ್ಟು ಉತ್ತರ ಮಾತ್ರ ತರಲು ಹೇಳಬೇಕು. ಆ ದಿನ ಬರೆದ ಕೋಡ್ ಎಸೆಯಲಿಕ್ಕೇ. ಅವನು ತಂದ ಉತ್ತರ, ಹೊಸ ಮಿಷನ್ ಆದರೆ ಓದಬಹುದು, ತೋಟದಲ್ಲಿರುವ ಹಳೆಯದರಲ್ಲಿ ಬ್ಲೂಟೂತೇ ಇಲ್ಲ. ರೈಟರನ್ನು ಕೇಳಿದೆವು. ನಂಬರ್ ಕೂಗುವ ಹೊತ್ತಿಗೆ ತೂಕ ಒತ್ತಿ ಮುಗಿದಿರುತ್ತದೆ, ಅದರಿಂದ ತಮಗೇನೂ ಉಳಿತಾಯವಿಲ್ಲ ಎಂದರು. ಅದರ ಬದಲು ಹಾಜರಿ ಕೂಲಿ ಬೇಗ ಬರಲಿ, ಕೊಯ್ಲು ಮುಗಿದು ಗಿಡ ಸವರುವ ಕಪಾತು ಶುರುವಾದರೆ ಕೆಜಿ ಲೆಕ್ಕವೇ ಇರುವುದಿಲ್ಲ ಎಂದರು. ಬ್ಲೂಟೂತ್ ಚೀಟಿ ಗೋಡೆಯ ತೀರಾ ಕೆಳಗೆ ಇದೆ, ಅದರ ಮೇಲೆ ಈಗ ಹಾಜರಿಯ ಮೂರು ಸೀಳುಗಳು ಕೂತಿವೆ.